ಗುರುವಾರ ನಾಲ್ಕು ಗಂಟೆಯ ಕರೆ

ಮೇ ತಿಂಗಳ ಕೊನೆಯ ಮಂಗಳವಾರ ರಾತ್ರಿ ಊಟದ ಹೊತ್ತಿಗೆ ನನ್ನ ಅಕ್ಕನ ಮಗ ನವನಗರದಿಂದ ವಿದ್ಯಾನಗರದ ನಮ್ಮ ಮನೆಗೆ ಬಂದ. ಅವನು ಮೂರು ವರ್ಷಗಳಿಂದ ಹುಬ್ಬಳ್ಳಿಯದೇ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಬ್ಯಾಕ್‌ಎಂಡ್ ಕೆಲಸ ಮಾಡುತ್ತಿದ್ದ. ಬೆಂಗಳೂರಿನ ಕಂಪನಿಯೊಂದರ ಮೂರು ಟೆಕ್ನಿಕಲ್ ಸುತ್ತುಗಳನ್ನು ದಾಟಿದ್ದ, ಗುರುವಾರ ಮಧ್ಯಾಹ್ನ ನಾಲ್ಕು ಗಂಟೆಗೆ ಎಚ್‌ಆರ್ ಮಾತುಕತೆ ಇತ್ತು. ‘ಇನ್ನ ಬರೇ ಎಚ್‌ಆರ್ ಐತಿ ಮಾಮಾ, ಅದೇನ್ ಫಾರ್ಮ್ಯಾಲಿಟಿ ಬಿಡ್ರಿ’ ಎಂದವನು, ತಟ್ಟೆಯ ಮುಂದೆ ಕುಳಿತುಕೊಂಡೇ, ಐದು ವರ್ಷಗಳ ನಂತರ ನೀವು ಎಲ್ಲಿರಲು ಬಯಸುತ್ತೀರಿ ಎಂಬ ಪ್ರಶ್ನೆಗೆ ತಾನು ಬಾಯಿಪಾಠ ಮಾಡಿದ್ದ ಉತ್ತರವನ್ನು ಒಪ್ಪಿಸಿದ. ಉತ್ತರ ಚೆನ್ನಾಗಿಯೇ ಇತ್ತು. ಆದರೆ ಈಗಿನ ಕಂಪನಿಯ ನೋಟಿಸ್ ಅವಧಿ ಎಷ್ಟು ದಿನ ಎಂದು ಕೇಳಿದರೆ ‘ತಿಂಗಳ ಇರಬೇಕ್ರಿ’ ಎಂದ.

ನಾನು ಹಲವು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿ, ಅಲ್ಲಿ ಅಭ್ಯರ್ಥಿಗಳನ್ನು ಆರಿಸುವ ತಂಡದ ಜೊತೆ ಕುಳಿತು, ಆಮೇಲೆ ಊರಿಗೆ ಮರಳಿದವನು. ಆ ಕೋಣೆಯ ಒಳಗಿನಿಂದ ನೋಡಿದರೆ ಕೊನೆಯ ಸುತ್ತು ಪರೀಕ್ಷೆಯಂತೆ ಕಾಣುವುದೇ ಇಲ್ಲ. ಎದುರಿನ ವ್ಯಕ್ತಿಯ ಮುಂದೆ ಒಂದು ಫಾರ್ಮ್ ತೆರೆದಿರುತ್ತದೆ. ಈಗಿನ ಸಂಬಳ, ಕೇಳುವ ಸಂಬಳ, ಸೇರುವ ದಿನ, ಬಿಡುವ ಕಾರಣ, ಬೇರೆ ಆಫರ್ ಇದೆಯೇ ಇಲ್ಲವೇ, ಊರು ಬದಲಿಸಲು ತಯಾರಿದ್ದಾರೆಯೇ ಎಂಬ ಖಾನೆಗಳು ಅದರಲ್ಲಿರುತ್ತವೆ. ಅಭ್ಯರ್ಥಿ ಹೇಳಿದ್ದು ಆ ಖಾನೆಗಳನ್ನು ಸೇರುತ್ತದೆ, ಸೇರಿದ್ದೆಲ್ಲವೂ ಮುಂದೆ ಒಂದಲ್ಲ ಒಂದು ಕಾಗದದ ಜೊತೆ ತಾಳೆಯಾಗಬೇಕಾಗುತ್ತದೆ. ಆದ್ದರಿಂದ ಸಿದ್ಧತೆ ಎಂದರೆ ಉತ್ತರಗಳನ್ನು ಉರು ಹೊಡೆಯುವುದಕ್ಕಿಂತ ಮೊದಲು ನಮ್ಮದೇ ಕಾಗದಗಳನ್ನು ಓದಿಕೊಳ್ಳುವುದು. ಮರುದಿನ ಸಂಜೆ ನೇಮಕಾತಿ ಪತ್ರ, ಕಳೆದ ಮೂರು ತಿಂಗಳ ಪೇ ಸ್ಲಿಪ್ ಮತ್ತು ಪಿಎಫ್ ಪಾಸ್‌ಬುಕ್ ತೆಗೆದುಕೊಂಡು ಬರಲು ಅವನಿಗೆ ಹೇಳಿ ಕಳಿಸಿದೆ.

ಈ ಬುದ್ಧಿ ನನಗೆ ಬಂದದ್ದು ಪೆಟ್ಟು ತಿಂದ ಮೇಲೆ. ಮೊದಲ ಬಾರಿ ಕೆಲಸ ಬದಲಿಸುವಾಗ ಎಷ್ಟು ನಿರೀಕ್ಷಿಸುತ್ತೀರಿ ಎಂದು ಕೇಳಿದ್ದಕ್ಕೆ, ನಿಮ್ಮ ಕಂಪನಿಯ ನಿಯಮದಂತೆ ಕೊಡಿ ಎಂದುಬಿಟ್ಟಿದ್ದೆ. ನಮ್ಮ ಕಡೆಯ ಜನ ಉಳಿದೆಲ್ಲ ವಿಷಯಗಳಲ್ಲಿ ಖಡಕ್ಕಾಗಿ ಮಾತನಾಡಿದರೂ ತಮ್ಮ ದುಡಿಮೆಯ ಬೆಲೆ ಹೇಳುವಾಗ ‘ಏನರ ಕೊಡ್ರಿ’ ಎನ್ನುತ್ತಾರೆ. ಅದನ್ನು ವಿನಯವೆಂದು ನಾನೂ ನಂಬಿದ್ದೆ. ಒಂದು ಹುದ್ದೆಗೆ ಇಷ್ಟರಿಂದ ಇಷ್ಟರವರೆಗೆ ಎಂಬ ಮಿತಿ ಎಚ್‌ಆರ್ ಬಳಿ ಮೊದಲೇ ಇರುತ್ತದೆ, ಅಂಕಿ ಹೇಳದವನನ್ನು ಕೆಳಗಿನ ತುದಿಗೆ ಕೂರಿಸಲು ಅವರಿಗೆ ಯಾವ ಸಂಕೋಚವೂ ಇರುವುದಿಲ್ಲ. ಅದೇ ತಿಂಗಳು ಸೇರಿ, ಪಕ್ಕದ ಮೇಜಿನಲ್ಲಿ ಅದೇ ಕೆಲಸ ಮಾಡುತ್ತಿದ್ದವನಿಗೆ ವರ್ಷಕ್ಕೆ ಒಂದು ಲಕ್ಷ ಹೆಚ್ಚು ಸಿಗುತ್ತಿದೆ ಎಂಬುದು ನನಗೆ ತಿಳಿದದ್ದು ಎರಡು ವರ್ಷಗಳ ನಂತರ.

ಬುಧವಾರ ಸಂಜೆ ಅವನ ಪೇ ಸ್ಲಿಪ್‌ನಿಂದಲೇ ಆರಂಭಿಸಿದೆವು. ಅವನ ಸಿಟಿಸಿ, ಅಂದರೆ ಅವನ ಮೇಲೆ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ, 5 ಲಕ್ಷ 40 ಸಾವಿರ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 45,000. ಕೈಗೆ ಬರುವುದು ಮಾತ್ರ 38,300ರ ಆಸುಪಾಸು. ನಡುವಿನ ಹಣ ಎಲ್ಲಿ ಹೋಗುತ್ತದೆ ಎಂದು ಅವನು ಮೂರು ವರ್ಷಗಳಲ್ಲಿ ಒಮ್ಮೆಯೂ ಲೆಕ್ಕ ಹಾಕಿರಲಿಲ್ಲ. ಅವನ ಮೂಲ ವೇತನ, ಅಂದರೆ ಬೇಸಿಕ್, 22,500. ಅದರ ಶೇ 12ರಷ್ಟು, ಅಂದರೆ 2,700 ರೂಪಾಯಿಯನ್ನು ಕಂಪನಿ ತನ್ನ ಪಾಲಿನ ಪಿಎಫ್ ಎಂದು ಕಟ್ಟುತ್ತದೆ, ಅಷ್ಟೇ ಮೊತ್ತ ಅವನ ಪಾಲಿನದಾಗಿಯೂ ಕಡಿತವಾಗುತ್ತದೆ. ಬೇಸಿಕ್‌ನ ಶೇ 4.81ರಷ್ಟು ಗ್ರಾಚ್ಯುಟಿಯ ಹೆಸರಿನಲ್ಲಿ ಸಿಟಿಸಿಯೊಳಗೆ ಸೇರಿಕೊಂಡಿರುತ್ತದೆ, ಅವನ ಲೆಕ್ಕದಲ್ಲಿ ಅದು ತಿಂಗಳಿಗೆ 1,082. ಕೊನೆಗೆ ಕರ್ನಾಟಕದ ವೃತ್ತಿ ತೆರಿಗೆ 200. ಪಿಎಫ್ ಎಂದಾದರೂ ಅವನ ಹಣವೇ. ಆದರೆ ಕಾಯಂ ನೌಕರನಿಗೆ ಗ್ರಾಚ್ಯುಟಿ ಸಿಗಬೇಕಾದರೆ ಸಾಮಾನ್ಯವಾಗಿ ಐದು ವರ್ಷಗಳ ಸೇವೆ ಬೇಕು. ಮೂರು ವರ್ಷಕ್ಕೇ ಬಿಡುವವನ ಸಿಟಿಸಿಯಲ್ಲಿ ಆ ಬಾಬತ್ತು ಕಾಗದದ ಮೇಲಿನ ಹಣವಷ್ಟೇ ಆಗಿತ್ತು.

ಆಮೇಲೆ ಹೊಸ ಕಂಪನಿಯ ಅಂಕಿಗೆ ಬಂದೆವು. ಮೊದಲ ಕರೆಯಲ್ಲಿಯೇ ನೇಮಕಾತಿ ತಂಡದವರು ‘ಒಂಬತ್ತರವರೆಗೆ ಆಗಬಹುದು’ ಎಂದಿದ್ದರು. ಇವನು ಮನಸ್ಸಿನಲ್ಲಿ ತಿಂಗಳಿಗೆ 75,000 ಎಂದು ಹಿಡಿದುಕೊಂಡು, ಬೈಕಿನ ಕಂತಿನವರೆಗೆ ಯೋಚನೆ ಮಾಡಿ ಮುಗಿಸಿದ್ದ. ನಾವು ಅದನ್ನು ಒಂದು ಹಾಳೆಯ ಮೇಲೆ ಬಿಡಿಸಿದೆವು. ಒಂಬತ್ತು ಲಕ್ಷದಲ್ಲಿ ಶೇ 10 ವೇರಿಯಬಲ್, ಅಂದರೆ ಖಚಿತವಾಗಿ ಬಾರದೆ ಸಾಧನೆ ನೋಡಿ ಕೊಡುವ ಭಾಗ, ಎಂದು ಇಟ್ಟುಕೊಂಡರೆ ಸ್ಥಿರ ವೇತನ 8 ಲಕ್ಷ 10 ಸಾವಿರ, ತಿಂಗಳಿಗೆ 67,500. ಬೇಸಿಕ್ ಅದರ ಅರ್ಧ, 33,750. ಕಂಪನಿಯ ಪಾಲಿನ ಪಿಎಫ್ 4,050, ಗ್ರಾಚ್ಯುಟಿ 1,623, ಆರೋಗ್ಯ ವಿಮೆಯ ಕಂತನ್ನೂ ಸಿಟಿಸಿಯಲ್ಲೇ ಸೇರಿಸುವ ಕಂಪನಿಯಾದರೆ ಅದಕ್ಕೊಂದು 1,000. ಉಳಿಯುವ 60,827ರಲ್ಲಿ ಅವನ ಪಾಲಿನ ಪಿಎಫ್ ಮತ್ತು ವೃತ್ತಿ ತೆರಿಗೆ ಕಳೆದರೆ 56,577. ಹೊಸ ತೆರಿಗೆ ಪದ್ಧತಿಯಲ್ಲಿ ಈ ಮಟ್ಟದ ಸಂಬಳಕ್ಕೆ ಆದಾಯ ತೆರಿಗೆ ಬೀಳುವುದಿಲ್ಲವಾದ್ದರಿಂದ ಅಲ್ಲಿಗೆ ಲೆಕ್ಕ ಮುಗಿಯಿತು.

ಅವನು ಆ ಹಾಳೆಯನ್ನು ಬಹಳ ಹೊತ್ತು ನೋಡಿದ. ಈಗಿನದಕ್ಕಿಂತ ಹೆಚ್ಚಾಗುವುದು ಸುಮಾರು 18,000. ಅವನು ಈಗ ಅಪ್ಪ ಅವ್ವನ ಜೊತೆ ಇದ್ದಾನೆ, ಮನೆಯಿಂದ ಆಫೀಸಿಗೆ ಚಿಗರಿ ಬಸ್ಸಿನಲ್ಲಿ ಹೋಗಿ ಬರುತ್ತಾನೆ, ಮಧ್ಯಾಹ್ನದ ಡಬ್ಬಿಯಲ್ಲಿ ಅವ್ವನ ರೊಟ್ಟಿ ಇರುತ್ತದೆ. ಬೆಂಗಳೂರಿನಲ್ಲಿ ಪಿಜಿ, ಓಡಾಟ, ಎರಡು ವಾರಕ್ಕೊಮ್ಮೆ ಊರಿಗೆ ಬರುವ ರೈಲಿನ ಖರ್ಚು ಸೇರಿದರೆ ಆ ಹದಿನೆಂಟು ಸಾವಿರದಲ್ಲಿ ಉಳಿಯುವುದು ಅಲ್ಪ. ಇದರಿಂದ ಬೆಂಗಳೂರಿಗೆ ಹೋಗಬಾರದು ಎಂದು ತೀರ್ಮಾನಿಸಬೇಕಾಗಿಲ್ಲ. ಕೇಳುವ ಅಂಕಿಯನ್ನು ಸಿಟಿಸಿಯಲ್ಲಿ ಹೇಳದೆ ಸ್ಥಿರ ವೇತನದಲ್ಲಿ ಹೇಳಬೇಕು ಎಂಬುದಷ್ಟೇ ಇದರ ಅರ್ಥ. ಸ್ಥಿರ ವೇತನವೇ ಒಂಬತ್ತು ಲಕ್ಷವಾದರೆ, ಇದೇ ಲೆಕ್ಕದಂತೆ ಕೈಗೆ 63,000 ಹತ್ತಿರ ಬರುತ್ತದೆ. ‘ಒಂಬತ್ತು’ ಎಂಬ ಒಂದೇ ಮಾತಿನೊಳಗೆ ತಿಂಗಳಿಗೆ ಆರು ಸಾವಿರಕ್ಕೂ ಹೆಚ್ಚಿನ ವ್ಯತ್ಯಾಸ ಅಡಗಿತ್ತು. ಕೆಲವು ಕಂಪನಿಗಳು ಪಿಎಫ್ ಅನ್ನು 15,000 ರೂಪಾಯಿಯ ವೇತನ ಮಿತಿಯ ಮೇಲೆ ಮಾತ್ರ, ಅಂದರೆ ತಿಂಗಳಿಗೆ 1,800ರಂತೆ ಕಟ್ಟುತ್ತವೆ, ಆಗ ಕೈಗೆ ಬರುವ ಹಣ ಹೆಚ್ಚಾಗಿ ಉಳಿತಾಯ ಕಡಿಮೆಯಾಗುತ್ತದೆ. ಹಾಗಾಗಿ ಅಂಕಿಗೆ ಒಪ್ಪುವ ಮುನ್ನ ಸಂಬಳದ ವಿವರಪಟ್ಟಿಯನ್ನು ಕೇಳಿ ಪಡೆಯುವುದು ಒಳ್ಳೆಯದು, ಅದನ್ನು ಕೇಳಿದ್ದಕ್ಕೆ ಆಫರ್ ಕಳೆದುಕೊಂಡವರನ್ನು ನಾನು ಕಂಡಿಲ್ಲ. ವೇರಿಯಬಲ್ ಇದ್ದರೆ ಅದು ಮೂರು ತಿಂಗಳಿಗೊಮ್ಮೆಯೋ ವರ್ಷಕ್ಕೊಮ್ಮೆಯೋ, ಕಳೆದ ವರ್ಷ ಈ ಹಂತದವರಿಗೆ ಎಷ್ಟು ಪಾಲು ಸಿಕ್ಕಿತು ಎಂದೂ ಕೇಳಬೇಕು. ಎರಡನೆಯ ಪ್ರಶ್ನೆಗೆ ನೇರ ಉತ್ತರ ಬರದಿದ್ದರೆ ವೇರಿಯಬಲ್ಲನ್ನು ಸೊನ್ನೆ ಎಂದೇ ಹಿಡಿದು ನಿರ್ಧಾರ ಮಾಡುವುದು ನನ್ನ ಪದ್ಧತಿ.

ಇನ್ನು ಸೇರುವ ದಿನ. ನೇಮಕಾತಿ ಪತ್ರದ ನಾಲ್ಕನೆಯ ಪುಟದಲ್ಲಿ ನೋಟಿಸ್ ಅವಧಿ ತೊಂಬತ್ತು ದಿನ ಎಂದು ಸ್ಪಷ್ಟವಾಗಿತ್ತು. ಇವನು ಮೊದಲ ಕರೆಯಲ್ಲಿ ಮೂವತ್ತು ದಿನ ಎಂದು ಹೇಳಿಯಾಗಿತ್ತು. ಮೋಸ ಮಾಡುವ ಉದ್ದೇಶ ಇರಲಿಲ್ಲ, ತರಬೇತಿ ಅವಧಿಯಲ್ಲಿ ಮೂವತ್ತು ಇದ್ದದ್ದು ಕಾಯಂ ಆದ ಮೇಲೆ ತೊಂಬತ್ತಾದದ್ದನ್ನು ಅವನು ಗಮನಿಸಿರಲಿಲ್ಲ. ಎಚ್‌ಆರ್ ಕೇಳುವವರೆಗೆ ಕಾಯದೆ, ಮಾತಿನ ಆರಂಭದಲ್ಲಿಯೇ ತಾನಾಗಿ ತಿದ್ದಿಕೊಳ್ಳುವಂತೆ ಹೇಳಿದೆ. ಕಂಪನಿಗೆ ಇಂಥ ಕಡೆ ಇರುವ ಭಯ ಬೇರೆಯದು. ತೊಂಬತ್ತು ದಿನ ಕಾಯುವ ಅಭ್ಯರ್ಥಿ ಆ ಅವಧಿಯಲ್ಲಿ ಇನ್ನೂ ಎರಡು ಕಡೆ ಸಂದರ್ಶನ ಕೊಟ್ಟು, ಸೇರುವ ಹಿಂದಿನ ದಿನ ಫೋನ್ ಎತ್ತುವುದನ್ನು ನಿಲ್ಲಿಸುತ್ತಾನೆ ಎಂಬುದು ಆ ಭಯ, ಅದು ಅನುಭವದಿಂದಲೇ ಬಂದದ್ದು. ಬೇರೆ ಆಫರ್ ಇದೆಯೇ ಎಂಬ ಪ್ರಶ್ನೆಯೂ ಅಲ್ಲಿಂದಲೇ ಹುಟ್ಟುತ್ತದೆ. ಇಲ್ಲದ ಆಫರನ್ನು ಇದೆ ಎನ್ನುವವರಿಗೆ ಪತ್ರ ಕಳಿಸಿ ಎಂದಾಗ ಕಳಿಸಲು ಏನೂ ಇರುವುದಿಲ್ಲ.

ಜೂನ್ 10ರಂದು ರಾಜೀನಾಮೆ ಕೊಟ್ಟರೆ ತೊಂಬತ್ತನೆಯ ದಿನ ಸೆಪ್ಟೆಂಬರ್ 8 ಎಂದು ಎಣಿಸಿದೆವು. ಉಳಿದ ದಿನಗಳಿಗೆ ಹಣ ಕಟ್ಟಿ ಬೇಗ ಬಿಡುವ ಅವಕಾಶ ಇದೆಯೇ ಎಂದು ನೋಡಿದರೆ, ಆಡಳಿತ ಒಪ್ಪಿದಲ್ಲಿ ಎಂಬ ಮಾತು ಪತ್ರದಲ್ಲಿತ್ತು. ಅಂದರೆ ಅದು ಇವನ ಹಕ್ಕಲ್ಲ. ಒಪ್ಪಿದರೂ ಒಂದು ತಿಂಗಳಿಗೆ ಎಷ್ಟು ಕಟ್ಟಬೇಕೆಂಬುದು ಬೇಸಿಕ್ ಮೇಲೆ ನಿಂತಿದೆಯೋ ಪೂರ್ಣ ಸಂಬಳದ ಮೇಲೆಯೋ ಎಂಬುದನ್ನು ಅವಲಂಬಿಸುತ್ತದೆ, ಇವನ ವಿಷಯದಲ್ಲಿ ಅದು 22,500 ಅಥವಾ, 45,000ರಲ್ಲಿ ಕಂಪನಿಯ ಪಾಲಿನ ಪಿಎಫ್ ಮತ್ತು ಗ್ರಾಚ್ಯುಟಿ ಕಳೆದು ಉಳಿಯುವ 41,218. ಹೊಸ ಕಂಪನಿ ಆ ಹಣವನ್ನು ಮರಳಿ ಕೊಡುತ್ತದೆಯೇ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಹಾಗೆ ಕೊಡುವ ಹಣಕ್ಕೂ ಸೇರುವಾಗ ಕೊಡುವ ಬೋನಸ್ಸಿಗೂ ಬಹುಮಟ್ಟಿಗೆ ಒಂದು ಬಾಲ ಇರುತ್ತದೆ: ಒಂದು ವರ್ಷದೊಳಗೆ ಬಿಟ್ಟರೆ ಹಿಂದಿರುಗಿಸಬೇಕು. ತೆರಿಗೆ ಕಳೆದು ಕೈಗೆ ಬಂದದ್ದನ್ನು ಹಿಂದಿರುಗಿಸುವುದೋ ತೆರಿಗೆ ಸೇರಿದ ಪೂರ್ಣ ಮೊತ್ತವನ್ನೋ ಎಂಬುದನ್ನು ಆ ಸಾಲಿನಲ್ಲಿ ಹುಡುಕಿ ಓದಬೇಕು. ಕರೆಯಲ್ಲಿ ಇವನು ಹೇಳಬೇಕಾದದ್ದು ಎರಡು ದಿನಾಂಕಗಳು ಎಂದು ಗೊತ್ತು ಮಾಡಿಕೊಂಡೆವು. ಖಚಿತವಾದದ್ದು ಸೆಪ್ಟೆಂಬರ್ 9, ಈಗಿನ ಕಂಪನಿ ಸಡಿಲಿಸಿದರೆ ಆಗಸ್ಟ್ ಕೊನೆಯ ವಾರ. ಲಿಖಿತ ಆಫರ್ ಕೈಗೆ ಬರುವವರೆಗೆ ರಾಜೀನಾಮೆ ಕೊಡುವ ಮಾತೇ ಇಲ್ಲ ಎಂಬುದನ್ನು ನಾನು ಎರಡು ಬಾರಿ ಹೇಳಿದೆ, ಏಕೆಂದರೆ ಫೋನಿನಲ್ಲಿ ‘ಅಭಿನಂದನೆಗಳು’ ಎಂದು ಕೇಳಿದ ಕೂಡಲೇ ಪತ್ರ ಬರೆದುಬಿಡುವ ವಯಸ್ಸು ಅದು.

ಪಿಎಫ್ ಪಾಸ್‌ಬುಕ್ ತೆರೆದಾಗ ಇನ್ನೊಂದು ಸಂಗತಿ ಹೊರಬಿತ್ತು. ಕಾಲೇಜು ಮುಗಿದ ಕೂಡಲೇ ಇವನು ನಾಲ್ಕು ತಿಂಗಳು ಬೇರೊಂದು ಕಡೆ ಸಪೋರ್ಟ್ ಕೆಲಸ ಮಾಡಿ ಬಿಟ್ಟಿದ್ದ, ರೆಸ್ಯೂಮೆಯಲ್ಲಿ ಅದನ್ನು ಬರೆದಿರಲಿಲ್ಲ. ಆದರೆ ಕೆಲಸ ಬದಲಿಸಿದರೂ ಬದಲಾಗದ ಅವನ ಪಿಎಫ್ ಗುರುತಾದ ಯುಎಎನ್ ಸಂಖ್ಯೆಯ ಅಡಿಯಲ್ಲಿ ಆ ಕಂಪನಿಯ ಹೆಸರು, ಸೇರಿದ ದಿನ, ಬಿಟ್ಟ ದಿನ ಎಲ್ಲವೂ ಇದ್ದವು. ಹಿನ್ನೆಲೆ ಪರಿಶೀಲನೆ ಮಾಡುವ ಸಂಸ್ಥೆಗಳು ಕೇಳುವ ಮೊದಲ ದಾಖಲೆಗಳಲ್ಲಿ ಅದೂ ಒಂದು. ನಾಲ್ಕು ತಿಂಗಳ ಕೆಲಸ ಯಾರಿಗೂ ಅಡ್ಡಿಯಲ್ಲ, ಅದನ್ನು ಮುಚ್ಚಿಟ್ಟಂತೆ ಕಾಣುವುದು ಮಾತ್ರ ಅಡ್ಡಿ. ಇದರ ಜೊತೆಗೆ ನಮ್ಮ ಭಾಗದವರಿಗೆ ವಿಶೇಷವಾಗಿ ಕಾಡುವ ಹೆಸರಿನ ಗೊಂದಲವೂ ಇತ್ತು. ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ತಂದೆಯ ಹೆಸರು ಪೂರ್ಣವಾಗಿ, ಆಧಾರ್‌ನಲ್ಲಿ ಅಡ್ಡಹೆಸರು ಕೊನೆಗೆ, ತಂದೆಯ ಹೆಸರಿನ ಬದಲು ಒಂದೇ ಅಕ್ಷರ. ಆಫರ್ ಪತ್ರದಲ್ಲಿ ಆಧಾರ್‌ನಲ್ಲಿ ಇರುವಂತೆಯೇ ಹೆಸರು ಬರಲಿ ಎಂದು ಮೊದಲೇ ಹೇಳಿಬಿಡುವುದರಿಂದ ಸೇರಿದ ಮೇಲಿನ ತಿಂಗಳುಗಟ್ಟಲೆ ಓಡಾಟ ಉಳಿಯುತ್ತದೆ.

ಕಲ್ಚರ್ ಫಿಟ್, ಅಂದರೆ ಅಭ್ಯರ್ಥಿ ಕಂಪನಿಯ ರೀತಿನೀತಿಗೆ ಹೊಂದುತ್ತಾನೆಯೇ ಎಂಬ ಮಾತಿನ ಬಗ್ಗೆ ನನಗೆ ಹೆಚ್ಚಿನ ಗೌರವವಿಲ್ಲ. ಅಭ್ಯರ್ಥಿಯ ಇಂಗ್ಲಿಷ್ ಉಚ್ಚಾರ ಹಿಡಿಸದಿದ್ದಾಗಲೂ ಅದೇ ಪದವನ್ನು ಬರೆದು ಕಡತ ಮುಚ್ಚಿದ್ದನ್ನು ನೋಡಿದ್ದೇನೆ. ಆದರೂ ಅದರ ಅಡಿಯಲ್ಲಿ ಒಂದು ನ್ಯಾಯವಾದ ಕುತೂಹಲ ಇದೆ: ಈ ಮನುಷ್ಯ ಕೋಣೆಯಲ್ಲಿ ಇಲ್ಲದವರ ಬಗ್ಗೆ ಹೇಗೆ ಮಾತನಾಡುತ್ತಾನೆ? ಮೇಲಿನವರ ಜೊತೆ ಭಿನ್ನಾಭಿಪ್ರಾಯ ಬಂದ ಒಂದು ಸಂದರ್ಭ ಹೇಳಿ ಎಂದು ಕೇಳುವುದು ಅದಕ್ಕಾಗಿಯೇ. ಆ ಪ್ರಶ್ನೆಯನ್ನು ನಾನು ಅವನಿಗೆ ಹಾಕಿದೆ.

‘ನಮ್ಮ ಲೀಡ್ ಯಾರ್ ಮಾತೂ ಕೇಳಂಗಿಲ್ರಿ ಮಾಮಾ. ಶುಕ್ರವಾರ ಸಂಜೀಕ ರಿಲೀಸ್ ಬ್ಯಾಡ್ರಿ ಅಂದ್ರೂ ಮಾಡಿದ್ರು, ಶನಿವಾರ ಎಲ್ಲಾ ಹಾಳಾತು’ ಎಂದು ಅವನು ಬಿಸಿಯಾಗಿಯೇ ಹೇಳಿದ.

ಕಥೆ ನಿಜವಾಗಿತ್ತು, ಇವನ ಮಾತೂ ಸರಿಯಾಗಿತ್ತು. ಆದರೂ ಕೇಳುವವರಿಗೆ ಅದರಿಂದ ತಿಳಿಯುವುದು ಒಬ್ಬ ಸಿಟ್ಟಿನ ಹುಡುಗ ಮತ್ತು ಒಬ್ಬ ಕೆಟ್ಟ ಲೀಡ್ ಮಾತ್ರ. ಏನಾಯಿತು ಎಂದು ಗಂಟೆಗಳ ಲೆಕ್ಕದಲ್ಲಿ ಹೇಳಲು ಕೇಳಿದೆ. ನಿಧಾನವಾಗಿ ಹೊರಬಂದದ್ದು ಇದು. ಗ್ರಾಹಕರೊಬ್ಬರಿಗೆ ಸೋಮವಾರ ತೋರಿಸಬೇಕಾಗಿದ್ದರಿಂದ ಲೀಡ್ ಮೇಲೆ ಒತ್ತಡವಿತ್ತು. ಡೇಟಾಬೇಸ್‌ನ ಒಂದು ಬದಲಾವಣೆಯನ್ನು ಹಿಂದಕ್ಕೆ ತೆಗೆಯುವ ಸ್ಕ್ರಿಪ್ಟ್ ಇನ್ನೂ ಪರೀಕ್ಷೆಯಾಗಿರಲಿಲ್ಲ. ಇವನು ಆ ಮಾತನ್ನು ಹೇಳಿದ್ದು ಆಫೀಸಿನ ಕೆಳಗಿನ ಅಂಗಡಿಯಲ್ಲಿ ಚಹಾ ಕುಡಿಯುವಾಗ, ತಂಡದ ಕೆಲಸಗಳನ್ನು ದಾಖಲಿಸುವ ಟಿಕೆಟ್‌ನಲ್ಲಿ ಬರೆದಿರಲಿಲ್ಲ. ಶನಿವಾರ ಬೆಳಿಗ್ಗೆ ತೊಂದರೆಯಾದಾಗ ಹಿಂದಕ್ಕೆ ತೆಗೆಯಲು ಐದು ಗಂಟೆ ಹಿಡಿಯಿತು, ಆ ಕೆಲಸಕ್ಕೆ ಕುಳಿತವರು ಇವನು ಮತ್ತು ಅದೇ ಲೀಡ್. ಮುಂದಿನ ವಾರದಿಂದ ಆ ಸ್ಕ್ರಿಪ್ಟ್ ಪರೀಕ್ಷೆಯಾಗದೆ ರಿಲೀಸ್ ಇಲ್ಲ ಎಂಬ ಸಾಲನ್ನು ಇವನೇ ತಂಡದ ಪಟ್ಟಿಗೆ ಸೇರಿಸಿದ. ಲೀಡ್ ಒಪ್ಪಿದರು.

ಇಷ್ಟನ್ನು ಎರಡು ನಿಮಿಷದಲ್ಲಿ ಹೇಳಿದರೆ ಸಾಕು, ‘ನಾನು ಚಹಾ ಅಂಗಡಿಯಲ್ಲಿ ಹೇಳಿದ್ದನ್ನು ಬರೆದಿಡಬೇಕಾಗಿತ್ತು’ ಎಂಬ ಮಾತನ್ನು ಮಾತ್ರ ಬಿಡಬೇಡ ಎಂದೆ. ಅದನ್ನು ಹೇಳಿದರೆ ತಾನು ಸಣ್ಣವನಾಗುತ್ತೇನೆ ಎಂಬ ಅಳುಕು ಅವನಲ್ಲಿತ್ತು. ನನ್ನ ಅನುಭವದಲ್ಲಿ ಆ ಕೋಣೆಯಲ್ಲಿ ಕುಳಿತವರು ತಲೆ ಎತ್ತಿ ನೋಡುವುದು ಇಂಥ ಸಾಲಿಗೇ, ಏಕೆಂದರೆ ಬಾಯಿಪಾಠದ ಉತ್ತರದಲ್ಲಿ ಅದು ಇರುವುದಿಲ್ಲ. ಇದಾದ ಮೇಲೆ ಅವರು ಇನ್ನೊಂದು ಎಳೆ ಎಳೆದು, ಆ ಸ್ಕ್ರಿಪ್ಟ್ ಏಕೆ ಪರೀಕ್ಷೆಯಾಗಿರಲಿಲ್ಲ ಎಂದು ಕೇಳಬಹುದು. ನಿಜವಾಗಿ ನಡೆದದ್ದಾದರೆ ಅದಕ್ಕೂ ಉತ್ತರ ಇರುತ್ತದೆ.

ಹುಬ್ಬಳ್ಳಿಯ ಪ್ರಶ್ನೆ ಉಳಿದಿತ್ತು. ಒಬ್ಬನೇ ಮಗ, ಊರಲ್ಲೇ ಕೆಲಸ, ಆರು ತಿಂಗಳಲ್ಲಿ ಮರಳಿ ಓಡಿ ಹೋಗುವುದಿಲ್ಲ ಎಂಬುದಕ್ಕೆ ಏನು ಭರವಸೆ ಎಂದು ಅವರು ಸುತ್ತು ಬಳಸಿ ಕೇಳಿಯೇ ಕೇಳುತ್ತಾರೆ. ಬೆಂಗಳೂರೆಂದರೆ ನನಗೆ ಪ್ರಾಣ ಎಂಬ ಉತ್ತರವನ್ನು ಅವನು ತಯಾರಿಸಿಕೊಂಡಿದ್ದ. ನಾನು ಅದನ್ನು ಅಳಿಸಿ ಹಾಕಿಸಿದೆ. ಈಗಿನ ಕಂಪನಿಯಲ್ಲಿ ದಿನಕ್ಕೆ ಕೆಲವು ಸಾವಿರ ವಿನಂತಿಗಳನ್ನು ನೋಡಿಕೊಳ್ಳುವ ವ್ಯವಸ್ಥೆ ಇದೆ, ಅದಕ್ಕಿಂತ ಹಲವು ಪಟ್ಟು ದೊಡ್ಡದರ ಮೇಲೆ ಕೆಲಸ ಮಾಡುವ ಅವಕಾಶ ಇಲ್ಲಿಲ್ಲ, ಮನೆಯಲ್ಲಿ ಮಾತನಾಡಿ ಎರಡು ಮೂರು ವರ್ಷವಾದರೂ ಅಲ್ಲಿರಲು ತೀರ್ಮಾನಿಸಿದ್ದೇನೆ ಎಂಬುದು ನಿಜ. ಆ ನಿಜವನ್ನೇ ಹೇಳಲು ಒಪ್ಪಿಕೊಂಡ. ಮನೆಯಲ್ಲಿ ಮಾತನಾಡಿದ್ದು ಮಾತ್ರ ಅಷ್ಟೊಂದು ನಿಜವಾಗಿರಲಿಲ್ಲ. ಆ ರಾತ್ರಿಯೇ ಅಕ್ಕನಿಗೆ ಹೇಳಲು ಕಳಿಸಿದೆ. ಅಕ್ಕ ಫೋನ್ ಮಾಡಿ ಎಲ್ಲವೂ ನನ್ನದೇ ಕರಾಮತ್ತು ಎಂದು ಅರ್ಧ ಗಂಟೆ ಬೈದಳು.

ಗುರುವಾರದ ಕರೆ ಮೂವತ್ತೈದು ನಿಮಿಷ ನಡೆಯಿತಂತೆ. ನೋಟಿಸ್ ಅವಧಿಯನ್ನು ಇವನೇ ತಿದ್ದಿದಾಗ ಆ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಟೈಪ್ ಮಾಡುವ ಸದ್ದಷ್ಟೇ ಕೇಳಿಸಿತಂತೆ. ನಾಲ್ಕು ತಿಂಗಳ ಹಳೆಯ ಕೆಲಸದ ವಿಷಯಕ್ಕೆ ‘ರಿಲೀವಿಂಗ್ ಲೆಟರ್ ಇದೆಯಾ’ ಎಂಬ ಒಂದೇ ಪ್ರಶ್ನೆ ಬಂತು, ಇತ್ತು. ಸ್ಥಿರ ವೇತನ ಒಂಬತ್ತು ಎಂದು ಕೇಳಿದ್ದಕ್ಕೆ, ಈ ಹಂತಕ್ಕೆ ವೇರಿಯಬಲ್ ಇಲ್ಲದ ರಚನೆ ತಮ್ಮಲ್ಲಿ ಇಲ್ಲ ಎಂದರು. ಮಾತುಕತೆಯ ನಂತರ ಸ್ಥಿರ 8 ಲಕ್ಷ 60 ಸಾವಿರ, ವೇರಿಯಬಲ್ 40 ಸಾವಿರಕ್ಕೆ ನಿಂತಿತು. ಕೈಗೆ 60,000 ಆಸುಪಾಸು ಎಂದು ಅವನು ಕರೆ ಮುಗಿಯುವ ಮೊದಲೇ ಹಾಳೆಯ ಅಂಚಿನಲ್ಲಿ ಲೆಕ್ಕ ಹಾಕಿಕೊಂಡಿದ್ದ.

ಆಫರ್ ಪತ್ರ ಜೂನ್ 8ರ ಸಂಜೆ ಬಂತು. ಸಂಬಳ ಮಾತಾಡಿದಂತೆಯೇ ಇತ್ತು, ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಇತ್ತು, ಸೇರುವ ದಿನ ಮಾತ್ರ ಆಗಸ್ಟ್ 10 ಎಂದಿತ್ತು. ಅವರು ಯಾವುದೋ ಹಳೆಯ ಖಾನೆಯಿಂದ ಎತ್ತಿ ಹಾಕಿದ್ದಿರಬೇಕು. ಮೊದಲಾಗಿದ್ದರೆ ಸಹಿ ಮಾಡಿ ಆಮೇಲೆ ನೋಡೋಣ ಎನ್ನುತ್ತಿದ್ದನೋ ಏನೋ. ಈ ಬಾರಿ ಸಹಿ ಮಾಡುವ ಮೊದಲು, ಕರೆಯಲ್ಲಿ ಮಾತಾಡಿದಂತೆ ದಿನಾಂಕವನ್ನು ಸೆಪ್ಟೆಂಬರ್ 9 ಎಂದು ತಿದ್ದಿ ಕಳಿಸಬೇಕೆಂದು ಎರಡು ಸಾಲಿನ ಮೇಲ್ ಹಾಕಿದ. ತಿದ್ದಿದ ಪತ್ರ ಮರುದಿನ ಮಧ್ಯಾಹ್ನ ಬಂತು, ರಾಜೀನಾಮೆಯನ್ನು ಅವನು 10ರಂದೇ ಕೊಟ್ಟ.